ಕೇದಾರನಾಥನನ್ನು ಎಲ್ಲಿ ಬಿಟ್ಟಿರಿ?

ಇವತ್ತು ಮತ್ತೆ ನನ್ನ ಬಿಪಿ ಏರಿಸುವ ಒಂದು ಪಿಡಿಎಫ್ ಬಂತು. ಕಾಂಟ್ರಾಕ್ಟ್ ಕಾಯ್ದೆಯ ಮುಖ್ಯ ಕೇಸುಗಳು, ಒಂದೊಂದಕ್ಕೂ ನಾಲ್ಕು ಕಾಲಂ: ಫ್ಯಾಕ್ಟ್ಸ್, ಇಶ್ಯೂ, ಹೋಲ್ಡಿಂಗ್, ರೀಸನಿಂಗ್. ನಾನು ಮೊದಲು ಯಾವ ಕೇಸ್ ಹುಡುಕಿರುತ್ತೇನೆ ಅಂತ ನನ್ನ ಹಳೇ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಮೊಹೊರಿ ಬೀಬಿ ವರ್ಸಸ್ ಧರ್ಮೋದಾಸ್ ಘೋಷ್, ಪ್ರಿವಿ ಕೌನ್ಸಿಲ್, 1903.

ಟೇಬಲ್ ಹೀಗಿತ್ತು. ಫ್ಯಾಕ್ಟ್ಸ್: ಮೈನರ್ ಒಬ್ಬ ಆಸ್ತಿ ಅಡವಿಟ್ಟು ಸಾಲ ಪಡೆದ. ಇಶ್ಯೂ: ಮೈನರ್ ಮಾಡಿದ ಕರಾರು ನಿಲ್ಲುತ್ತದಾ? ಹೋಲ್ಡಿಂಗ್: ಇಲ್ಲ, ಮೊದಲಿನಿಂದಲೇ ಶೂನ್ಯ. ರೀಸನಿಂಗ್: ಸೆಕ್ಷನ್ 11, ಮೈನರ್‌ಗೆ ಎಸ್ಟಾಪಲ್ ಅನ್ವಯಿಸಲ್ಲ.

ಕೊನೆಯ ಮಾತು ತಪ್ಪು. ಪ್ರಿವಿ ಕೌನ್ಸಿಲ್ ಆ ಮಾತನ್ನು ಹೇಳಲೇ ಇಲ್ಲ!

ಸಾಲ ಪಡೆದ ಹುಡುಗ ಧರ್ಮೋದಾಸ್, ಕೊಟ್ಟವನು ಬ್ರಹ್ಮೋದತ್ತ. ಆದರೆ ವ್ಯವಹಾರವನ್ನೆಲ್ಲ ನಡೆಸಿದ್ದು ಅವನ ಏಜೆಂಟ್ ಕೇದಾರನಾಥ. 1895ರ ಜುಲೈ 15ರಂದು ಹುಡುಗನ ತಾಯಿಯ ಪರ ವಕೀಲರು ಅವನಿಗೆ ಪತ್ರ ಬರೆದರು. ಹುಡುಗ ಇನ್ನೂ ಮೈನರ್, ಸಾಲ ಕೊಟ್ಟರೆ ನಿಮ್ಮದೇ ಹೊಣೆ ಅಂತ. ಆದರೂ ಜುಲೈ 20ಕ್ಕೆ 20,000 ರೂಪಾಯಿಯ ಅಡಮಾನ ಪತ್ರಕ್ಕೆ ಹುಡುಗನ ಸಹಿ ಬಿತ್ತು. ಜೊತೆಗೆ, ನನಗೆ ವಯಸ್ಸು ತುಂಬಿದೆ ಅನ್ನುವ ಒಂದು ಘೋಷಣೆಯನ್ನೂ ಬರೆಸಿಕೊಂಡರು. ಎಷ್ಟು ಜಾಣತನ ನೋಡಿ. ಆಮೇಲೆ ಕೇದಾರನಾಥ ಆ ಪತ್ರ ತನಗೆ ಬಂದೇ ಇಲ್ಲ ಎಂದ. ಕೋರ್ಟ್ ನಂಬಲಿಲ್ಲ. ಏಜೆಂಟನಿಗೆ ಗೊತ್ತಿದ್ದರೆ ಯಜಮಾನನಿಗೆ ಗೊತ್ತಿದ್ದಂತೆಯೇ.

ಟೇಬಲ್‌ನಲ್ಲಿ ಈ ಕೇದಾರನಾಥ ಎಲ್ಲಿ? ಇಲ್ಲವೇ ಇಲ್ಲ.

ಅವನನ್ನು ತೆಗೆದರೆ ಏನಾಗುತ್ತದೆ ಅಂತ ಕೇಳ್ತೀರಾ? ಕರಾರು ಶೂನ್ಯ ಅನ್ನುವ ಹೋಲ್ಡಿಂಗ್‌ಗೆ ಏನೂ ಆಗಲ್ಲ. ಅದಕ್ಕೆ ಸೆಕ್ಷನ್ 10, 11 ಸಾಕು. ಆದರೆ ಸಾಲ ಕೊಟ್ಟವನ ಪರ ಇನ್ನೂ ಎರಡು ವಾದಗಳಿದ್ದವು. ಒಂದು, ಹುಡುಗ ಸುಳ್ಳು ಘೋಷಣೆ ಕೊಟ್ಟಿದ್ದಾನೆ, ಈಗ ಮಾತು ಬದಲಿಸುವಂತಿಲ್ಲ ಅನ್ನುವ ಎಸ್ಟಾಪಲ್ ವಾದ. ಇನ್ನೊಂದು, ಅಡಮಾನ ರದ್ದು ಮಾಡಿ ಪರವಾಗಿಲ್ಲ, ಹಣವನ್ನಾದರೂ ವಾಪಸ್ ಕೊಡಿಸಿ ಅನ್ನುವುದು. ಎರಡೂ ಬಿದ್ದದ್ದು ಆ ಪತ್ರದಿಂದ. ಸತ್ಯ ಎರಡೂ ಕಡೆಯವರಿಗೆ ಗೊತ್ತಿದ್ದಾಗ ಎಸ್ಟಾಪಲ್ ಹುಟ್ಟುವುದೇ ಇಲ್ಲ ಎಂದಿತು ಪ್ರಿವಿ ಕೌನ್ಸಿಲ್. ಎಸ್ಟಾಪಲ್ ಬಗ್ಗೆ ಹೇಳುವ 1872ರ ಎವಿಡೆನ್ಸ್ ಕಾಯ್ದೆಯ ಸೆಕ್ಷನ್ 115 ಮೈನರ್‌ಗೆ ಅನ್ವಯಿಸುತ್ತದಾ ಇಲ್ವಾ ಅನ್ನುವ ಪ್ರಶ್ನೆಗೆ ಈಗ ಹೋಗಬೇಕಾಗಿಲ್ಲ ಅಂತ ಬಾಯಿ ಬಿಟ್ಟೇ ಹೇಳಿ, ಅದನ್ನು ಹಾಗೇ ಬಿಟ್ಟಿತು. ಹಣದ ವಿಷಯದಲ್ಲೂ ಅಷ್ಟೆ. ಗೊತ್ತಿದ್ದೂ ಕೊಟ್ಟವನಿಗೆ ವಾಪಸ್ ಕೊಡಿಸುವ ಅಗತ್ಯ ಇಲ್ಲ ಅಂತ ಕೆಳಗಿನ ಕೋರ್ಟ್ ತನ್ನ ವಿವೇಚನೆ ಬಳಸಿ ಹೇಳಿತ್ತು, ಇವರು ಅದಕ್ಕೆ ಕೈ ಹಾಕಲಿಲ್ಲ.

ಈಗ ಪರೀಕ್ಷೆಯಲ್ಲೋ ಆಫೀಸಿನಲ್ಲೋ ಒಂದು ಪ್ರಶ್ನೆ ಬಂತು ಅನ್ನಿ. ಹುಡುಗ ಸುಳ್ಳು ಹೇಳಿದ, ಸಾಲ ಕೊಟ್ಟವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಟೇಬಲ್ ಓದಿದವನು ಧೈರ್ಯವಾಗಿ "ಮೊಹೊರಿ ಬೀಬಿ ಪ್ರಕಾರ ಎಸ್ಟಾಪಲ್ ಇಲ್ಲ, ಹಣವೂ ಇಲ್ಲ" ಅಂತ ಬರೆಯುತ್ತಾನೆ. ಆ ಕೇಸ್ ಈ ಪ್ರಶ್ನೆಯನ್ನು ಮುಟ್ಟಿಯೇ ಇಲ್ಲ ಮಾರಾಯ!

"ಸರ್, ನೂರಾರು ಕೇಸ್ ಇವೆ, ಎಲ್ಲ ಪೂರ್ತಿ ಓದೋಕೆ ಟೈಮ್ ಎಲ್ಲಿದೆ?" ಈ ಕಾಮೆಂಟ್ ಬಂದೇ ಬರುತ್ತದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ನಾನು ಟೇಬಲ್ ವಿರೋಧಿ ಅಲ್ಲ. ನಿಜ ಹೇಳಬೇಕೆಂದರೆ ನನಗೆ ಟೇಬಲ್ ಹುಚ್ಚೇ ಇದೆ, ಮನೆಯವರನ್ನು ಕೇಳಿ. ಆದರೆ ಬೇರೆಯವರ ಟೇಬಲ್‌ನಿಂದ ಇನ್ನೊಂದು ಟೇಬಲ್ ಮಾಡಿದರೆ ಟೈಮ್ ಉಳಿಯಲ್ಲ, ತಪ್ಪು ಇನ್ನೊಂದು ಪುಟಕ್ಕೆ ದಾಟುತ್ತದೆ ಅಷ್ಟೆ.

ನಾನು ಮಾಡುವುದು ಇಷ್ಟು. ಫ್ಯಾಕ್ಟ್ಸ್ ಕಾಲಂ ಕೊನೆಗೆ ತುಂಬುತ್ತೇನೆ. ಮೊದಲು ಇಶ್ಯೂಗಳನ್ನು ಬಿಡಿಸಿ, ಒಂದೊಂದಕ್ಕೂ ಒಂದು ಸಾಲು ಕೊಡುತ್ತೇನೆ. ಈ ಕೇಸಿಗೆ ಮೂರು ಸಾಲು ಬೇಕು: ಕರಾರು, ಎಸ್ಟಾಪಲ್, ಹಣ ವಾಪಸ್. ಆಮೇಲೆ ಪ್ರತಿ ಫ್ಯಾಕ್ಟ್ ಮೇಲೂ ಬೆರಳಿಟ್ಟು ಮುಚ್ಚಿ ನೋಡುತ್ತೇನೆ, ಇದಿಲ್ಲದಿದ್ದರೆ ಯಾವ ಸಾಲಿನ ರೀಸನಿಂಗ್ ಬೀಳುತ್ತದೆ ಅಂತ. 20,000 ಅನ್ನುವ ಅಂಕಿ ಮುಚ್ಚಿ, ಯಾವುದೂ ಬೀಳಲ್ಲ. ಅದನ್ನು ಬಿಡಬಹುದು. ಜುಲೈ 15ರ ಪತ್ರ ಮುಚ್ಚಿ, ಎರಡು ಸಾಲು ಮಕಾಡೆ ಬೀಳುತ್ತವೆ. ಅದನ್ನು ಬಿಡೋ ಹಾಗಿಲ್ಲ. ಪಿಡಿಎಫ್‌ನವರು ಸರಿಯಾಗಿ ಉಲ್ಟಾ ಮಾಡಿದ್ದಾರೆ. ಕೆಳಗೆ ಪುಟ್ಟ ಟಿಪ್ಪಣಿಯಲ್ಲಿ ಸಾಲದ ಮೊತ್ತವೂ ಇದೆ, ಬಡ್ಡಿಯೂ ಇದೆ. ಪತ್ರ ಮಾತ್ರ ಇಲ್ಲ.

ಕೋರ್ಟ್ ತೀರ್ಮಾನಿಸದೆ ಬಿಟ್ಟದ್ದನ್ನೂ ಹೋಲ್ಡಿಂಗ್ ಕಾಲಂನಲ್ಲೇ ಬರೆಯಿರಿ, "ಈ ಪ್ರಶ್ನೆ ಬಾಕಿ" ಅಂತ. ಮತ್ತೆ ಸೆಕ್ಷನ್ ನಂಬರ್ ಮುಂದೆ ವರ್ಷ ಹಾಕಿ ಮಹರಾಯರೇ. ಅದೇ ಟೇಬಲ್‌ನಲ್ಲಿ "ಸ್ಪೆಸಿಫಿಕ್ ರಿಲೀಫ್ ಕಾಯ್ದೆ, ಸೆಕ್ಷನ್ 41" ಅಂತಷ್ಟೇ ಇದೆ. ಅದು 1877ರ ಕಾಯ್ದೆಯದು. ಈಗಿರುವ 1963ರ ಕಾಯ್ದೆಯಲ್ಲಿ 41 ತೆಗೆದು ನೋಡಿದರೆ ಸಿಗುವುದು ಇಂಜಂಕ್ಷನ್ ಯಾವಾಗ ಕೊಡಬಾರದು ಅನ್ನುವುದು. ಹಣ ವಾಪಸಿನ ವಿಷಯ ಈಗ 33ರಲ್ಲಿದೆ.