ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡಲ್ಲ ಅಂದ್ರೆ ಹೇಗ್ರಿ?

ತಪ್ಪು ಪಾಸ್‌ವರ್ಡ್ ಹಾಕಿದವರನ್ನು ತಡೆಯಿರಿ, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಸರಿಯಾದ ಪಾಸ್‌ವರ್ಡ್ ಹಾಕಿದವರನ್ನು ಯಾಕ್ರಿ ತಡೀತೀರಿ? ಅದೂ ಅರ್ಜಿ ಹಾಕುವ ಕೊನೇ ದಿನ, ಸಂಜೆ ಹೊತ್ತಿಗೆ? ಈ ವೆಬ್‌ಸೈಟ್ ಕಟ್ಟಿದ ಮಹಾನುಭಾವರು ಒಂದು ದಿನ ದಾವಣಗೆರೆಗೆ ಬಂದು ನನ್ನ ಅಂಗಡಿಯಲ್ಲಿ ಕೂರಲಿ. ಜನ ಏನು ಕೇಳುತ್ತಾರೋ ಅದಕ್ಕೆ ಅವರೇ ಉತ್ತರ ಕೊಡಲಿ.

ಹದಡಿ ರಸ್ತೆ ಕಡೆ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದೇ ಫೈಬರ್ ಲೈನ್. ಬರುವವರಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರೇ ಜಾಸ್ತಿ. ಜಗಳೂರು, ಚನ್ನಗಿರಿ ಕಡೆಯಿಂದ ಬಸ್ ಹಿಡಿದು ಬರುವ ಅಪ್ಪಂದಿರೂ ಇರುತ್ತಾರೆ, ಕೈಯಲ್ಲಿ ಮಗನ ಮಾರ್ಕ್ಸ್ ಕಾರ್ಡ್, ಜೇಬಲ್ಲಿ ಪಾಸ್‌ವರ್ಡ್ ಬರೆದ ಚೀಟಿ. ಯಾವ ಪೋರ್ಟಲ್ ಅಂತ ಹೆಸರು ಹೇಳಲ್ಲ. ಹೆಸರು ಹೇಳಿದರೆ ನಾಳೆ ಅದರಲ್ಲೇ ನಾನು ಕೆಲಸ ಮಾಡಬೇಕಲ್ಲ.

ಅವತ್ತು ಆದದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಿಡಿಸಿ ಹೇಳದೆ ಇದು ಯಾರಿಗೂ ಅರ್ಥ ಆಗಲ್ಲ. ಮೊದಲ ಕಂಪ್ಯೂಟರ್‌ನಲ್ಲಿ ಒಬ್ಬರು ಹಿರಿಯರು. ಚೀಟಿಯಲ್ಲಿ ಬರೆದಿದ್ದು ಸೊನ್ನೆಯೋ ಇಂಗ್ಲಿಷ್ ಓ ಅಕ್ಷರವೋ ಗೊತ್ತಾಗಲಿಲ್ಲ. ಸೊನ್ನೆ ಹಾಕಿದರು, ತಪ್ಪು. ಸಣ್ಣ ಓ ಹಾಕಿದರು, ಅದೂ ತಪ್ಪು. ದೊಡ್ಡ ಓ ಹಾಕಿದರು, ಒಳಗೆ ಹೋಯಿತು. ಪಕ್ಕದ ಕಂಪ್ಯೂಟರ್‌ನಲ್ಲಿ ಒಬ್ಬ ಹುಡುಗ. ಅವನಿಗಿಂತ ಮುಂಚೆ ಕೂತಿದ್ದವರ ಪಾಸ್‌ವರ್ಡನ್ನು ಬ್ರೌಸರ್ ತಾನಾಗೇ ತುಂಬಿಸಿಕೊಂಡಿತ್ತು. ಇವನು ಚುಕ್ಕಿಗಳನ್ನು ನೋಡಿ, ತನ್ನದೇ ಇರಬೇಕು ಅಂತ ಲಾಗಿನ್ ಒತ್ತಿದ. ತಪ್ಪು. ಅಳಿಸಿ ತನ್ನದು ಹಾಕಿದ, ಒಳಗೆ ಹೋದ. ಮೂರನೇ ಕಡೆ ಒಬ್ಬಳು ಹುಡುಗಿ. ಕ್ಯಾಪ್ಸ್ ಲಾಕ್ ಆನ್ ಇತ್ತು, ನೋಡಲಿಲ್ಲ. ಒಂದು ಸಲ ತಪ್ಪಿತು. ಸ್ಕ್ರೀನ್ ಮೇಲೆ ಕೆಂಪಕ್ಷರದಲ್ಲಿ ಹೀಗೆ ಬಂತು:

`Invalid password. 1 attempt remaining.`

"ಅಣ್ಣ, ನಾನು ಒಂದೇ ಸಲ ಹಾಕಿದ್ದು. ಇನ್ನೊಂದೇ ಸಲ ಅಂತಿದೆ ನೋಡ್ರಿ" ಅಂತ ಅವಳ ಮುಖ ಬಾಡಿತು. ಕೈ ಕೀಬೋರ್ಡ್‌ನಿಂದ ತೆಗೆದೇಬಿಟ್ಟಳು.

ಇಲ್ಲೇ ಗುಟ್ಟಿರುವುದು. ಈ ಪೋರ್ಟಲ್‌ನಲ್ಲಿ ಐದು ಸಲ ತಪ್ಪಿದರೆ ಬ್ಲಾಕ್. ಲೆಕ್ಕ ಅವಳ ಖಾತೆಯದ್ದಾಗಿದ್ದರೆ ಐದರಲ್ಲಿ ಒಂದು ಹೋಗಿ ನಾಲ್ಕು ಉಳಿದಿದೆ ಅಂತ ಬರಬೇಕಿತ್ತು. ಒಂದೇ ಉಳಿದಿದೆ ಅಂದರೆ ಹಿರಿಯರ ಎರಡು, ಹುಡುಗನ ಒಂದು, ಅವಳ ಒಂದು, ಎಲ್ಲಾ ಒಟ್ಟು ಮಾಡಿದ್ದಾರೆ. ಹಿರಿಯರೂ ಹುಡುಗನೂ ಆಮೇಲೆ ಸರಿಯಾಗಿ ಲಾಗಿನ್ ಆದರಲ್ಲ, ಅದಕ್ಕೆ ಬೆಲೆಯೇ ಇಲ್ಲ. ತಪ್ಪು ಮಾತ್ರ ಜಮಾ ಆಗುತ್ತದೆ, ಸರಿ ಎಲ್ಲೂ ಕಳೆಯಲ್ಲ. ಲೆಕ್ಕ ಇಟ್ಟಿರುವುದು ಯಾರ ಹೆಸರಲ್ಲೂ ಅಲ್ಲ, ನನ್ನ ಲೈನ್‌ನ ಐಪಿ ಅಡ್ರೆಸ್ ಹೆಸರಲ್ಲಿ, ಅಂದರೆ ಇಂಟರ್‌ನೆಟ್‌ನಲ್ಲಿ ನನ್ನ ಲೈನನ್ನು ಗುರುತಿಸುವ ನಂಬರ್ ಹೆಸರಲ್ಲಿ.

ನಾನು ಎಲ್ಲರಿಗೂ ಹೇಳಿದೆ, ಯಾರೂ ಲಾಗಿನ್ ಪೇಜ್ ಮುಟ್ಟಬೇಡಿ ಅಂತ. ಹುಡುಗಿ ಮನೆಗೆ ಫೋನ್ ಮಾಡಿ, ಅಕ್ಕನ ಹತ್ತಿರ ಪಾಸ್‌ವರ್ಡ್ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ನಿಧಾನಕ್ಕೆ, ಕಣ್ಣು ಕಾಣುವ ಹಾಗೆ ಟೈಪ್ ಮಾಡಿದಳು. ಒತ್ತಿದಳು. ನಿಮ್ಮ ಅಡ್ರೆಸ್‌ನಿಂದ ತಪ್ಪು ಪ್ರಯತ್ನ ಜಾಸ್ತಿ ಆಗಿದೆ, ಅರ್ಧ ಗಂಟೆ ಬಿಟ್ಟು ಬನ್ನಿ ಅಂತ ಬಂತು! ಪಕ್ಕದಲ್ಲಿ ಅರ್ಜಿ ತುಂಬಿಸುತ್ತಿದ್ದ ಹಿರಿಯರು ಸೇವ್ ಒತ್ತಿದರೆ ಅವರಿಗೂ ಅದೇ. ತುಂಬಿಸಿದ್ದೆಲ್ಲ ಹೋಯಿತು.

ಮತ್ತೆ ಐದನೇ ತಪ್ಪು ಮಾಡಿದವರು ಯಾರು? ಅಂಗಡಿಯಲ್ಲಿ ಯಾರೂ ಅಲ್ಲ.

ಅದು ತಿಳಿದದ್ದು ಆಮೇಲೆ, ಲೈನ್ ನೋಡುವ ಹುಡುಗ ಬಂದಾಗ. ಅವನು ರೂಟರ್ ಪೇಜ್ ತೆಗೆದು ತೋರಿಸಿದ. ನನ್ನ ರೂಟರ್‌ಗೆ ಬಂದಿರುವ ಅಡ್ರೆಸ್ 100ರಿಂದ ಶುರು. ನನ್ನ ಐಪಿ ಯಾವುದು ಅಂತ ಹೊರಗಿನ ಸೈಟ್‌ನಲ್ಲಿ ನೋಡಿದರೆ ಬರುವುದು ಬೇರೇನೇ ನಂಬರ್. ಎರಡೂ ಬೇರೆ ಇದ್ದು, ರೂಟರ್‌ನದ್ದು 100.64ರಿಂದ 100.127ರ ಒಳಗಿದ್ದರೆ ತಿಳಿದುಕೊಳ್ಳಿ, ಹೊರಗಿನ ಅಡ್ರೆಸ್ ನಿಮ್ಮೊಬ್ಬರದ್ದಲ್ಲ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಹಳೇ ಪದ್ಧತಿಯ ಐಪಿ ಅಡ್ರೆಸ್ ಇರುವುದೇ ಜಗತ್ತಿಗೆಲ್ಲಾ ಸೇರಿ ಸುಮಾರು 429 ಕೋಟಿ. ಎಲ್ಲರಿಗೂ ಒಂದೊಂದು ಕೊಡಲು ಸಾಲಲ್ಲ. ಅದಕ್ಕೇ ಇಂಟರ್‌ನೆಟ್ ಕೊಡುವವರು ಬಹಳಷ್ಟು ಮನೆ, ಅಂಗಡಿ, ಪಿಜಿಗಳನ್ನು ಒಂದೇ ಅಡ್ರೆಸ್ ಹಿಂದೆ ಕೂರಿಸುತ್ತಾರೆ. ಒಳಗಿನ ಲೆಕ್ಕಕ್ಕೆ ಈ 100.64ರ ಸಾಲನ್ನು 2012ರಲ್ಲೇ ಎತ್ತಿಟ್ಟಿದ್ದಾರೆ. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ವಿಷಯವೇ ಅಲ್ಲ. ಕೊನೇ ದಿನ ಅದೇ ಪೋರ್ಟಲ್ ತೆಗೆದು ಕೂತವರು ಸುತ್ತಮುತ್ತ ಎಷ್ಟು ಜನ ಇರಲ್ಲ? ಯಾವುದೋ ಹಾಸ್ಟೆಲ್ ರೂಮಿನಲ್ಲಿ ಯಾರದ್ದೋ ಬೆರಳು ತಪ್ಪಿದೆ, ಇಲ್ಲಿ ಹುಡುಗಿ ಅಳುತ್ತಿದ್ದಾಳೆ. ಓಣಿಯಲ್ಲಿ ಒಬ್ಬ ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಓಣಿಗೆಲ್ಲಾ ಫ್ಯೂಸ್ ಕಿತ್ತ ಹಾಗಾಯ್ತು.

ಹೆಲ್ಪ್‌ಲೈನ್ ಕಥೆ ಕೇಳಿ. ಫೋನ್ ಎತ್ತಿದ ಮೇಡಂ "ಕ್ಯಾಶ್ ಕ್ಲಿಯರ್ ಮಾಡಿ ಸರ್" ಅಂದರು. ಬೇರೆ ಬ್ರೌಸರ್‌ನಲ್ಲಿ ನೋಡಿ ಅಂದರು. ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಎಲ್ಲಾ ಮಾಡಿದ್ದಾಯಿತು. ಅಡ್ರೆಸ್ ಬ್ಲಾಕ್ ಆದಮೇಲೆ ಬ್ರೌಸರ್ ಬದಲಾಯಿಸಿದರೆ ಏನಾಗುತ್ತದೆ? ರೂಟರ್ ಆಫ್ ಆನ್ ಮಾಡಿದರೆ ಬದಲಾಗುವುದು ಒಳಗಿನ 100ರ ನಂಬರ್. ಹೊರಗಿನದ್ದು ಅದೇ ಇರಬಹುದು, ಇಲ್ಲ ಇನ್ಯಾರೋ ಆಗಲೇ ಕೆಡಿಸಿಟ್ಟ ಇನ್ನೊಂದು ಸಿಗಬಹುದು. ಕೊನೆಗೆ ಹುಡುಗಿಯ ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಅದೇ ಕಂಪ್ಯೂಟರ್, ಅದೇ ಪಾಸ್‌ವರ್ಡ್ ಕೊಟ್ಟರೆ ಒಂದೇ ಏಟಿಗೆ ಒಳಗೆ ಹೋಯಿತು. ಖಾತೆಗೆ ಏನೂ ಆಗಿರಲಿಲ್ಲ, ಕಾಟ ಕೊಟ್ಟಿದ್ದು ಅಡ್ರೆಸ್ ಅಂತ ಇದರಲ್ಲೇ ಗೊತ್ತಾಗುತ್ತದೆ. ಮೊಬೈಲ್ ಕಂಪನಿಗಳೂ ಅಡ್ರೆಸ್ ಹಂಚಿಯೇ ಕೊಡುತ್ತವೆ, ಹಾಗಾಗಿ ಹಾಟ್‌ಸ್ಪಾಟ್ ಕೈಹಿಡಿಯುವುದೂ ಅದೃಷ್ಟದ ಮೇಲೆ.

"ಸ್ಟ್ಯಾಟಿಕ್ ಐಪಿ ತಗೊಳ್ಳಿ ಅಣ್ಣ" ಅಂದ ಲೈನ್ ಹುಡುಗ. ಅಂದರೆ ನನಗೊಬ್ಬನಿಗೇ ಮೀಸಲಾದ, ಬದಲಾಗದ ಅಡ್ರೆಸ್. ತಿಂಗಳಿಗೆ ಜಾಸ್ತಿ ದುಡ್ಡು. ತಗೊಂಡರೂ ಪಕ್ಕದ ಮನೆಯವರ ತಪ್ಪು ನನಗೆ ಬರಲ್ಲ ಅಷ್ಟೇ. ನನ್ನ ನಾಲ್ಕು ಕಂಪ್ಯೂಟರ್ ಹೊರಗೆ ಹೋಗುವುದು ಮತ್ತೆ ಒಂದೇ ಅಡ್ರೆಸ್‌ನಿಂದ ತಾನೇ? ಐದು ತಪ್ಪು ಆಗಲು ನನ್ನ ಗಿರಾಕಿಗಳೇ ಸಾಕು.

ಈಗ ಯಾರಾದರೂ ಕಂಪ್ಯೂಟರ್ ಓದಿದವರು ಬಂದು, ಕಳ್ಳರನ್ನು ತಡೆಯೋಕೆ ಇದು ಬೇಕು ಅಂತಾರೆ. ಬೇಕು, ಒಪ್ಪುತ್ತೇನೆ. ಒಂದು ಜಾತಿಯ ಕಳ್ಳ ಇದ್ದಾನೆ. ಅವನು ಒಂದೇ ಖಾತೆಗೆ ನೂರು ಪಾಸ್‌ವರ್ಡ್ ಹಾಕಲ್ಲ. ಜನ ಸುಮ್ನೆ ಇಟ್ಟುಕೊಳ್ಳುವ ಒಂದು ಪಾಸ್‌ವರ್ಡ್ ಹಿಡಿದು ನೂರು ಖಾತೆಗೆ ಒಂದೊಂದು ಸಲ ಹಾಕಿ ನೋಡುತ್ತಾನೆ. ಪ್ರತಿ ಖಾತೆಯಲ್ಲೂ ತಪ್ಪು ಒಂದೇ, ಹಾಗಾಗಿ ಖಾತೆ ಲೆಕ್ಕದಲ್ಲಿ ಸಿಕ್ಕಿಬೀಳಲ್ಲ. ಅವನನ್ನು ಹಿಡಿಯಲು ಅಡ್ರೆಸ್ ಲೆಕ್ಕ ಬೇಕಾಗುತ್ತದೆ. ನನ್ನ ಕರ್ಮ ನೋಡಿ, ನನ್ನ ಅಂಗಡಿಯೂ ದೂರದಿಂದ ಹಾಗೇ ಕಾಣುತ್ತದೆ. ಒಂದೇ ಅಡ್ರೆಸ್, ಹತ್ತಾರು ಖಾತೆ, ಒಂದೊಂದರಲ್ಲಿ ಒಂದೋ ಎರಡೋ ತಪ್ಪು.

ಆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗಿದೆಯಲ್ಲ! ಕಳ್ಳನಿಗೆ ಹೆಚ್ಚುಕಡಿಮೆ ಎಲ್ಲಾ ತಪ್ಪೇ ಆಗುತ್ತದೆ. ನನ್ನ ಅಂಗಡಿಯಲ್ಲಿ ತಪ್ಪಿದವರು ಅದೇ ಖಾತೆಗೆ, ಅರೆ ನಿಮಿಷದಲ್ಲಿ, ಸರಿಯಾಗಿ ಒಳಗೆ ಹೋಗುತ್ತಾರೆ. ಆಮೇಲೆ ಕೂತು ಅರ್ಜಿ ತುಂಬಿಸುತ್ತಾರೆ, ಫೋಟೋ ಏರಿಸುತ್ತಾರೆ, ಫೀಸ್ ಕಟ್ಟುತ್ತಾರೆ. ಕಳ್ಳ ಬಂದು ಪರೀಕ್ಷಾ ಫೀಸ್ ಕಟ್ಟಿ ಹೋಗುತ್ತಾನಾ? ಬರೀ ತಪ್ಪು ಎಣಿಸಬೇಡಿ, ಸರಿ ಎಷ್ಟು ತಪ್ಪು ಎಷ್ಟು ಅಂತ ನೋಡಿ. ತಪ್ಪಿದವರು ಅದೇ ಖಾತೆಯಲ್ಲಿ ಒಳಗೆ ಹೋದರೆ ಆ ತಪ್ಪನ್ನು ಅಡ್ರೆಸ್ ಲೆಕ್ಕದಿಂದ ಕಳೆಯಿರಿ. ಕಳ್ಳನೂ ತನ್ನದೊಂದು ಖಾತೆ ಇಟ್ಟುಕೊಂಡು ನಡುನಡುವೆ ಸರಿಯಾಗಿ ಲಾಗಿನ್ ಆಗಿ ಲೆಕ್ಕ ತೊಳೆಯಬಹುದು, ಅದಕ್ಕೇ ಆಯಾ ಖಾತೆಯ ತಪ್ಪನ್ನಷ್ಟೇ ಕಳೆಯಿರಿ ಅಂದಿದ್ದು.

ಇನ್ನು ಐದು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತೀನಿ. ಇಂಥ ತಡೆ ಹಾಕುವ ಸಾಫ್ಟ್‌ವೇರ್ `fail2ban` ಅಂತ ಇದೆ. ಹಾಕಿದ ಕೂಡಲೇ ಅದರಲ್ಲಿ ಇರುವ ಲೆಕ್ಕ, ಹತ್ತು ನಿಮಿಷದಲ್ಲಿ ಐದು ತಪ್ಪಾದರೆ ಹತ್ತು ನಿಮಿಷ ಬ್ಲಾಕ್. ಒಬ್ಬಿಬ್ಬರು ಒಳಗೆ ಹೋಗುವ ಸರ್ವರ್‌ಗೆ ಅದು ಸರಿ. ಊರಿಗೆ ಊರೇ ಬಂದು ನಿಲ್ಲುವ ಪೋರ್ಟಲ್‌ಗೆ ಅದೇ ಐದನ್ನು ಇಟ್ಟು, ಬ್ಲಾಕ್ ಮಾತ್ರ ಅರ್ಧ ಗಂಟೆಗೆ ಏರಿಸುವುದು ಯಾವ ಬುದ್ಧಿವಂತಿಕೆ? ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಬರೆದಿಟ್ಟ ನಿಯಮದಲ್ಲಿ ಒಂದೇ ಖಾತೆಗೇ ಸಾಲಾಗಿ ನೂರು ತಪ್ಪಿನವರೆಗೆ ಮೇಲ್ಮಿತಿ ಹಾಕಿದ್ದಾರೆ. ಇಲ್ಲಿ ಒಂದು ಓಣಿಗೆ ಐದು!

ನಿಜವಾದ ದೊಡ್ಡ ಕಳ್ಳರಿಗೆ ಇದು ತಾಗುತ್ತದೆ ಅಂದುಕೊಂಡಿದ್ದೀರಾ? ಅವರ ಕೈಯಲ್ಲಿ ಸಾವಿರಾರು ಅಡ್ರೆಸ್ ಇರುತ್ತವೆ, ವೈರಸ್ ಹೊಕ್ಕ ಯಾರ್ಯಾರದ್ದೋ ಕಂಪ್ಯೂಟರ್‌ಗಳು. ಒಂದರಿಂದ ಒಂದೋ ಎರಡೋ ಸಲ ಹಾಕಿ ಮುಂದಕ್ಕೆ ಹೋಗುತ್ತಾರೆ, ಐದರ ಹತ್ತಿರವೇ ಬರಲ್ಲ. ಐದಕ್ಕೆ ಸಿಕ್ಕಿಬೀಳುವವರು ಯಾರಪ್ಪಾ ಅಂದರೆ ಕಾಲೇಜಿನ ಲ್ಯಾಬು, ಹಾಸ್ಟೆಲ್ ವೈಫೈ, ನನ್ನಂಥ ಅಂಗಡಿ.

ಹಾಗಂತ ಬರೀ ಖಾತೆ ಲೆಕ್ಕ ನೋಡಿಯೇ ಬೀಗ ಹಾಕಿ ಅಂತ ನಾನು ಹೇಳುತ್ತಿಲ್ಲ. ಆಗ ನನ್ನ ಮೇಲೆ ಸಿಟ್ಟಿರುವವನು ನನ್ನ ಐಡಿಗೆ ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ನನ್ನನ್ನೇ ಹೊರಗಿಡಬಹುದು. ಅದಕ್ಕೂ ದಾರಿ ಇದೆ. ಮುಂಚೆ ಸರಿಯಾಗಿ ಲಾಗಿನ್ ಆದ ಬ್ರೌಸರ್‌ಗೆ ಒಂದು ಗುರುತು ಕೊಟ್ಟಿಡುವುದು, ಆ ಗುರುತು ಇದ್ದವರಿಗೆ ಲೆಕ್ಕ ಬೇರೆ ಇಡುವುದು. ನನ್ನ ಅಂಗಡಿಗೆ ಬರುವವರಲ್ಲಿ ಆ ಗುರುತು ಇರಲ್ಲ, ದಿನಾ ಹೊಸಬರೇ. ಅಂಥವರಿಗೆ ಅನುಮಾನ ಬಂದರೆ ಕ್ಯಾಪ್ಚಾ ತೋರಿಸಿ. ಓಟಿಪಿ ಕಳಿಸಿ. ಒಂದೊಂದು ತಪ್ಪಿಗೆ ಎರಡು ಸೆಕೆಂಡ್, ನಾಲ್ಕು ಸೆಕೆಂಡ್ ಅಂತ ಕಾಯಿಸಿ. ಮನುಷ್ಯ ಕಾಯುತ್ತಾನೆ. ಬಾಗಿಲು ಮಾತ್ರ ಮುಚ್ಚಬೇಡಿ.

ಇದನ್ನೆಲ್ಲ ಬರೆದು ದೂರು ಕಳಿಸಿದೆ. ಹೊರಗಿನ ಐಪಿ, ಬ್ಲಾಕ್ ಆದ ಸಮಯ, ಸ್ಕ್ರೀನ್ ಫೋಟೋ, ಎಲ್ಲಾ ಸೇರಿಸಿದ್ದೆ. ಆ ಸಮಯದ ಲಾಗ್ ತೆಗೆದು ಆ ಅಡ್ರೆಸ್ ಹುಡುಕಿದರೆ, ಬೇರೆ ಬೇರೆ ಖಾತೆಗಳು ಸಾಲಾಗಿ ಕಾಣುತ್ತವೆ ಅಂತಲೂ ಬರೆದಿದ್ದೆ. ಮಾರನೇ ದಿನ ಉತ್ತರ ಬಂತು. ನಾವು ಪರಿಶೀಲಿಸಿದೆವು, ಈಗ ಲಾಗಿನ್ ಸರಿಯಾಗಿ ಕೆಲಸ ಮಾಡುತ್ತಿದೆ, ದೂರು ಮುಕ್ತಾಯ ಮಾಡಲಾಗಿದೆ ಅಂತ. ಸರಿಯಾಗೇ ಇರುತ್ತೆ ಕಣ್ರಿ, ಅರ್ಧ ಗಂಟೆ ಕಳೆದಮೇಲೆ ಬ್ಲಾಕ್ ತಾನಾಗೇ ಹೋಗುತ್ತದಲ್ಲ! ಹುಡುಗಿಯದ್ದು ಹೇಗೋ ಹಾಟ್‌ಸ್ಪಾಟ್‌ನಲ್ಲಿ ಮುಗಿಯಿತು. ಜಗಳೂರಿನ ಹಿರಿಯರು ಕೊನೇ ಬಸ್ ತಪ್ಪುತ್ತದೆ ಅಂತ ಎದ್ದು ಹೋಗಿದ್ದರು, ಅವರ ಮಗನ ಅರ್ಜಿ ಅರ್ಧಕ್ಕೇ ನಿಂತಿದೆ. ಅವರಿಗೆ ಫೋನ್ ಮಾಡಿ, ಲಾಗಿನ್ ಈಗ ಸರಿಯಾಗಿ ಕೆಲಸ ಮಾಡುತ್ತಿದೆಯಂತೆ ಅಂತ ನಾನು ಹೇಳಬೇಕಾ?