ಸ್ಪಷ್ಟನೆ: ವಾರ್ಡ್ ಸಮಿತಿ ಒಪ್ಪಿದರೆ ಕಾಮಗಾರಿ ಮಂಜೂರಾದಂತಲ್ಲ

“ತುಮಕೂರಿನವರೇ, ವಾರ್ಡ್ ಸಮಿತೀಲಿ ಪಾಸಾದ್ರೆ ಸಾಕು, ಚರಂಡಿ ಕೆಲ್ಸ ಶುರು. ಎಲ್ರಿಗೂ ಕಳ್ಸಿ.”

ಹೀಗೊಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಕರ್ನಾಟಕ ಪೌರನಿಗಮಗಳ ಕಾಯ್ದೆ, 1976ರ ಪ್ರಕಾರ ವಾರ್ಡ್ ಸಮಿತಿ ತಯಾರಿಸುವುದು ವಾರ್ಡ್ ಅಭಿವೃದ್ಧಿ ಯೋಜನೆ. ಅದನ್ನು ಪಾಲಿಕೆಗೆ ಸಲ್ಲಿಸಬೇಕು. ಹಣ ಇಡುವುದು ಪಾಲಿಕೆ ಬಜೆಟ್‌ನಲ್ಲಿ. ಹಾಗಂತ ಸಮಿತಿ ಬರೀ ದೂರು ಪೆಟ್ಟಿಗೆಯೂ ಅಲ್ಲ.

ಮಳೆ ಬಂದಾಗಲೆಲ್ಲ ಮನೆಯೊಳಗೆ ನೀರು ನುಗ್ಗುವ ಬೀದಿಯೊಂದಿದೆ ಅನ್ನಿ. “ಚರಂಡಿ ಸರಿಮಾಡಿ” ಎಂದರೆ ಹೂಳೆತ್ತಿ ಹೋಗುತ್ತಾರೆ, ಅಷ್ಟೇ. ನೀರು ಎಲ್ಲಿಂದ ಬರುತ್ತದೆ, ಯಾವ ಮೋರಿಯ ಹತ್ತಿರ ಕಟ್ಟಿಕೊಳ್ಳುತ್ತದೆ, ಎಷ್ಟು ಮನೆಗೆ ತೊಂದರೆ ಎಂದು ಸಮಿತಿಗೆ ಬರೆದುಕೊಟ್ಟು, ಅದು ವಾರ್ಡ್ ಯೋಜನೆಗೆ ಸೇರಿದೆಯೇ ಎಂದು ಸಭೆಯ ನಡಾವಳಿಯಲ್ಲಿ ನೋಡಿ. ಬಜೆಟ್ ಮುಗಿದ ಮೇಲೆ ಕೊಟ್ಟರೆ ಮುಂದಿನ ವರ್ಷಕ್ಕೇ ಹೋಗಬಹುದು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಜನ ಬಜೆಟ್ ಹೊತ್ತಿಗೆ ಸುಮ್ಮನಿದ್ದುಬಿಡುತ್ತಾರೆ.