ಒಂದೇ ಬಿಸಿಬೇಳೆಬಾತ್, ಮೂರು ಪ್ಯಾಕೆಟ್

ನನ್ನ ಹೆಂಡತಿ ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯುವಾಗ ರಾತ್ರಿ ಎಂಟು ದಾಟಿರುತ್ತದೆ. ನಾನು ಪೀಣ್ಯದಿಂದ ಏಳೂಕಾಲಿಗೆ ಮನೆ ಸೇರುತ್ತೇನೆ. ಹಾಗಾಗಿ ಬೆಳಗಿನ ತಿಂಡಿ ಅವಳದು, ರಾತ್ರಿಯ ಅಡುಗೆ ನನ್ನದು. ಮದುವೆಯಾದ ಹೊಸದರಲ್ಲಿ ಪ್ಯಾಕೆಟ್ ವಿಷಯಕ್ಕೆ ನಮ್ಮಿಬ್ಬರಿಗೂ ಎರಡು ಥರದ ಮಾತು ಕೇಳಬೇಕಾಗುತ್ತಿತ್ತು. ಅಮ್ಮ ಊರಿಂದ ಫೋನ್ ಮಾಡಿ, "ಆ ಪ್ಯಾಕೆಟ್ ತಿಂದು ಹೊಟ್ಟೆ ಕೆಡಿಸ್ಕೋಬೇಡ್ರಪ್ಪಾ" ಅನ್ನುತ್ತಿದ್ದರು. ಆಫೀಸಿನ ಗೆಳೆಯ, "ಈಗ ಎಲ್ಲಾ ರೆಡಿ ಸಿಗುತ್ತಲ್ವಾ ಗುರು, ಸುಮ್ನೆ ಯಾಕೆ ಒದ್ದಾಡ್ತೀಯ" ಅನ್ನುತ್ತಿದ್ದ.

ಇಬ್ಬರೂ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಅಂದುಕೊಂಡಿದ್ದರು. ನನಗೆ ಅದು ಸರಿ ಅನ್ನಿಸುವುದಿಲ್ಲ. ಅಮ್ಮನ ಅಡುಗೆಮನೆಯಲ್ಲೇ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಡಬ್ಬ ತುಂಬ ಇರುತ್ತಿದ್ದವು. ಒಂದು ದಿನ ಕೂತು ಹುರಿದು, ಕುಟ್ಟಿ, ಕುದಿಸಿ ಇಟ್ಟರೆ ತಿಂಗಳುಗಟ್ಟಲೆ ಆಗುತ್ತಿತ್ತು. ಹಾಗಾಗಿ ಯಾವುದೇ ಪ್ಯಾಕೆಟ್ ಕೈಗೆ ತಗೊಂಡರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ. ನನ್ನ ಯಾವ ಕೆಲಸವನ್ನು ಇದು ಮಾಡಿ ಮುಗಿಸಿದೆ? ಅದಕ್ಕೆ ಬದಲಾಗಿ ನನ್ನ ಕೈಯಿಂದ ಏನನ್ನು ಕಿತ್ತುಕೊಂಡಿದೆ?

ಬಿಸಿಬೇಳೆಬಾತನ್ನೇ ತಗೊಳ್ಳೋಣ. ಅಂಗಡಿಯಲ್ಲಿ ಅದು ಮೂರು ರೂಪದಲ್ಲಿ ಸಿಗುತ್ತದೆ. ಒಂದು ಬರೀ ಪುಡಿ. ಇನ್ನೊಂದು ಅಕ್ಕಿ, ಬೇಳೆ, ಮಸಾಲೆ ಎಲ್ಲ ಒಣಗಿಸಿ ಸೇರಿಸಿದ ಮಿಕ್ಸ್. ಮೂರನೆಯದು ಬಿಸಿ ಮಾಡಿ ತಿನ್ನುವ ಪೌಚ್. ನಮ್ಮ ಮನೆಯಲ್ಲಿ ಮೂರನ್ನೂ ಸಾಕಷ್ಟು ಸಲ ತಿಂದಿದ್ದೇವೆ.

ಮೊದಲು ಪುಡಿ. ಇದನ್ನು ಮನೆಯಲ್ಲೇ ಮಾಡಬೇಕೆಂದರೆ ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ, ಕೊಬ್ಬರಿ ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಗಸಗಸೆ ಸೀದಿರುತ್ತದೆ, ಕಡಲೆಬೇಳೆ ಹಸಿಯಾಗೇ ಇರುತ್ತದೆ. ಆರಿಸಿ, ಪುಡಿ ಮಾಡಿ, ಪಾತ್ರೆ ತೊಳೆಯುವ ಹೊತ್ತಿಗೆ ಒಂದು ಗಂಟೆ ಹೋಗಿರುತ್ತದೆ. ಪುಡಿಯ ಪ್ಯಾಕೆಟ್ ಉಳಿಸುವುದು ಈ ಒಂದು ಗಂಟೆಯನ್ನು. ಅಕ್ಕಿ ಎಷ್ಟು, ಬೇಳೆ ಎಷ್ಟು, ತರಕಾರಿ ಎಷ್ಟು ಎನ್ನುವುದೆಲ್ಲ ನನ್ನ ಕೈಯಲ್ಲೇ ಉಳಿಯುತ್ತದೆ.

ಏಳೂವರೆಗೆ ಶುರು ಮಾಡುತ್ತೇನೆ ಅಂದುಕೊಳ್ಳಿ. ಅರ್ಧ ಲೋಟ ಅಕ್ಕಿ, ಅರ್ಧ ಲೋಟ ತೊಗರಿಬೇಳೆ ತೊಳೆದು, ನಾಲ್ಕು ಲೋಟ ನೀರು, ಅರಿಶಿನ, ಬೀನ್ಸ್, ಕ್ಯಾರೆಟ್, ನವಿಲುಕೋಸು, ಬಟಾಣಿ ಹಾಕಿ ಕುಕ್ಕರ್ ಮುಚ್ಚುವುದಕ್ಕೆ ಕಾಲು ಗಂಟೆ. ನಾಲ್ಕೈದು ವಿಷಲ್ ಆಗಿ ಪ್ರೆಶರ್ ಇಳಿಯುವ ತನಕ ನಾನು ಬಟ್ಟೆ ಮಡಚುತ್ತಿರುತ್ತೇನೆ. ಆಮೇಲೆ ಹುಣಸೆರಸ, ಎರಡು ದೊಡ್ಡ ಚಮಚ ಪುಡಿ, ಚೂರು ಬೆಲ್ಲ, ಉಪ್ಪು ಹಾಕಿ ಎಂಟು ನಿಮಿಷ ಕುದಿಸಿ, ತುಪ್ಪದಲ್ಲಿ ಸಾಸಿವೆ, ಕರಿಬೇವು, ಕಡಲೆಕಾಯಿ ಬೀಜದ ಒಗ್ಗರಣೆ. ಎಂಟೂಕಾಲಿಗೆ ಊಟ ರೆಡಿ. ನಿಜವಾಗಿ ನಾನು ಒಲೆಯ ಮುಂದೆ ನಿಂತಿದ್ದು ಅರ್ಧ ಗಂಟೆಯೂ ಇಲ್ಲ.

ಆದರೆ ಪುಡಿಯ ಪ್ಯಾಕೆಟ್‌ಗಳೆಲ್ಲ ಒಂದೇ ಅಲ್ಲ. ಹಿಂಬದಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ನಮ್ಮ ದೇಶದ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇರುವುದನ್ನು ಕೊನೆಗೆ. ನಾನು ಹುಡುಕುವುದು ಉಪ್ಪು ಎಲ್ಲಿದೆ ಅಂತ. ಪಟ್ಟಿಯಲ್ಲಿ ಉಪ್ಪಿನ ನಂತರ ಬರುವುದು ಯಾವುದೂ ಉಪ್ಪಿಗಿಂತ ಜಾಸ್ತಿ ಇರುವುದಿಲ್ಲ. ಒಂದು ಸಲ ನಾನು ತಂದಿದ್ದ ಪುಡಿಯಲ್ಲಿ ಉಪ್ಪು ಮೂರನೆಯದಾಗಿತ್ತು. ಚಕ್ಕೆ, ಮೊಗ್ಗು, ಕೊಬ್ಬರಿ ಎಲ್ಲ ಅದರ ಹಿಂದೆ. ಅಂದರೆ ಮಸಾಲೆಯ ದರ ಕೊಟ್ಟು ನಾನು ಉಪ್ಪು ಕೊಂಡಿದ್ದೆ. ಅದೂ ಅಲ್ಲದೆ ರುಚಿ ಸಾಲದು ಅಂತ ಇನ್ನೊಂದು ಚಮಚ ಪುಡಿ ಹಾಕುವ ಹಾಗಿಲ್ಲ, ಉಪ್ಪಾಗಿಬಿಡುತ್ತದೆ. ಈಗ ಉಪ್ಪು ಇಲ್ಲದ ಪುಡಿಯನ್ನೇ ಹುಡುಕಿ ತರುತ್ತೇವೆ. ಅರ್ಧ ಕಿಲೋ ಪ್ಯಾಕೆಟ್ ಅಗ್ಗ ಅಂತ ತಗೊಳ್ಳುವುದಿಲ್ಲ. ಇದರಲ್ಲಿ ಕೊಬ್ಬರಿ ಇರುವುದರಿಂದ ಒಡೆದ ಮೇಲೆ ಹೊರಗೇ ಬಿಟ್ಟರೆ ಎಣ್ಣೆ ಕೆಟ್ಟು ಕಮಟು ವಾಸನೆ ಬರುತ್ತದೆ. ನೂರು ಗ್ರಾಂ ತಂದು, ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಮ್ಮಿಬ್ಬರಿಗೆ ಸಾಕು.

ಎರಡನೆಯದು ಒಣ ಮಿಕ್ಸ್. ನನಗೆ ಇದರ ಮೇಲೇ ಜಾಸ್ತಿ ತಕರಾರು. ಬಿಸಿಬೇಳೆಬಾತ್ ಅನ್ನುವ ಹೆಸರಲ್ಲೇ ಬೇಳೆ ಇದೆ. ಮನೆಯಲ್ಲಿ ನಾವು ಅಕ್ಕಿಯಷ್ಟೇ ಬೇಳೆ ಹಾಕುತ್ತೇವೆ. ನಾವು ತಂದ ಮಿಕ್ಸ್‌ಗಳ ಪಟ್ಟಿ ನೋಡಿದರೆ ಅಕ್ಕಿ ಮೊದಲು, ಬೇಳೆ ಅದರ ಹಿಂದೆ, ಪಾಮೋಲಿನ್ ಎಣ್ಣೆ, ಉಪ್ಪು, ಒಣಗಿಸಿದ ತರಕಾರಿ ಕೊನೆಗೆಲ್ಲೋ. ತಟ್ಟೆಯಲ್ಲಿ ಹುಡುಕಿದರೆ ನಾಲ್ಕು ಬಟಾಣಿ. ಅಡುಗೆ ಬೇಗ ಆಗುತ್ತದೆ ನಿಜ. ಅಕ್ಕಿ, ಬೇಳೆಯನ್ನು ಮೊದಲೇ ಬೇಯಿಸಿ ಒಣಗಿಸಿರುವುದರಿಂದ ಬಿಸಿನೀರು ಕುಡಿದು ಉಬ್ಬಿಕೊಳ್ಳುತ್ತದೆ. ಆದರೆ ಈ ಮಿಕ್ಸ್ ಮಾಡಿಕೊಟ್ಟಿದ್ದು ಕುಕ್ಕರ್ ತಾನೇ ಮಾಡುತ್ತಿದ್ದ ಕೆಲಸವನ್ನು. ಅದಕ್ಕೆ ಬದಲಾಗಿ ಬೇಳೆ, ತರಕಾರಿಯ ಪ್ರಮಾಣ ನನ್ನ ಕೈ ತಪ್ಪಿಹೋಯಿತು.

ಬಿಸಿನೀರು ಸುರಿದು ತಿನ್ನುವ ಕಪ್ ಕೂಡ ಇದೇ ಜಾತಿ. ಒಂದು ಕಪ್ಪಿನಲ್ಲಿ ಎಂಬತ್ತು ಗ್ರಾಂ ಒಣ ಪದಾರ್ಥ ಇದ್ದರೆ ಹೆಚ್ಚುಕಡಿಮೆ 300ರಿಂದ 350 ಕ್ಯಾಲೊರಿ. ತಿಂಡಿಗೆ ಆದೀತು, ಊಟಕ್ಕೆ ಸಾಲದು. ನನ್ನ ಹೆಂಡತಿ ಒಂದು ವಾರ ಆಫೀಸಿನಲ್ಲಿ ಮಧ್ಯಾಹ್ನಕ್ಕೆ ಅದನ್ನೇ ತಿಂದಳು. ನಾಲ್ಕು ಗಂಟೆಗೆಲ್ಲ ಹಸಿವಾಗಿ ಕ್ಯಾಂಟೀನಿನಲ್ಲಿ ಪಫ್ಸ್ ತಿನ್ನುವುದು ಶುರುವಾಯಿತು. ಪಫ್ಸ್‌ನ ಲೆಕ್ಕವನ್ನೂ ಆ ಕಪ್ಪಿಗೇ ಸೇರಿಸಬೇಕು ಅನ್ನುವುದು ನನ್ನ ವಾದ.

ಉಪ್ಪಿಟ್ಟಿನ ಮಿಕ್ಸ್‌ಗೂ ಇದೇ ಮಾತು. ಅದು ಉಳಿಸುವುದು ರವೆ ಹುರಿಯುವ ಹತ್ತು ನಿಮಿಷ ಮಾತ್ರ. ಭಾನುವಾರ ಒಂದು ಕಿಲೋ ಬನ್ಸಿ ರವೆ ಸಣ್ಣ ಉರಿಯಲ್ಲಿ ಘಮ್ ಅನ್ನುವ ತನಕ ಹುರಿದು ಡಬ್ಬಕ್ಕೆ ಹಾಕಿದರೆ ತಿಂಗಳಿಗೆ ಆಯಿತು. ಈರುಳ್ಳಿ ಹೆಚ್ಚುವ ಕೆಲಸವಂತೂ ಹೇಗಿದ್ದರೂ ತಪ್ಪುವುದಿಲ್ಲ.

ಇನ್ನು ಪೌಚ್. ಇದರ ಬಗ್ಗೆ ಜನರಿಗೆ ಇರುವ ಭಯದಲ್ಲಿ ಅರ್ಧ ತಪ್ಪು ತಿಳುವಳಿಕೆ. "ವರ್ಷಗಟ್ಟಲೆ ಕೆಡಲ್ಲ ಅಂದ್ರೆ ಏನೋ ಕೆಮಿಕಲ್ ಹಾಕಿರ್ತಾರೆ" ಅಂತ ಅಮ್ಮನೂ ಅನ್ನುತ್ತಿದ್ದರು. ಕೆಡದಿರಲು ಕಾರಣ ಶಾಖ. ಅಡುಗೆಯನ್ನು ಅಲ್ಯೂಮಿನಿಯಂ ಪದರ ಇರುವ ಚೀಲಕ್ಕೆ ತುಂಬಿ, ಗಾಳಿ ಹೋಗದಂತೆ ಮುಚ್ಚಿ, ಆಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ. ಕುದಿಯುವ ನೀರಿಗೂ ಜಗ್ಗದ ಬ್ಯಾಕ್ಟೀರಿಯಾ ಬೀಜಾಣುಗಳು ಆ ಶಾಖಕ್ಕೆ ಸಾಯುತ್ತವೆ. ಹೊಸವು ಒಳಗೆ ಹೋಗಲು ದಾರಿಯಿಲ್ಲ. ನಮ್ಮ ಮೈಸೂರಿನಲ್ಲೇ 1961ರಿಂದ ಇರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಊಟದ ಮೇಲೆ ಕೆಲಸ ಮಾಡಿ, ಆ ತಂತ್ರವನ್ನು ಖಾಸಗಿ ಕಂಪನಿಗಳಿಗೂ ಕೊಟ್ಟಿದೆ.

ಈ ಶಾಖದಿಂದಲೇ ಯಾವ ಪೌಚ್ ತಗೊಳ್ಳಬಹುದು, ಯಾವುದು ಬೇಡ ಅಂತ ತಿಳಿಯುತ್ತದೆ. ಅಷ್ಟು ಬೇಯಿಸಿದ ಮೇಲೆ ಅನ್ನ ಮೆತ್ತಗಾಗದೆ ಇರುವುದಿಲ್ಲ. ಬಿಸಿಬೇಳೆಬಾತ್, ಪೊಂಗಲ್ ಮೆತ್ತಗೇ ಇರಬೇಕಾದವು, ಅವಕ್ಕೇನೂ ನಷ್ಟವಿಲ್ಲ. ರಾಜ್ಮಾ, ಕಾಬೂಲಿ ಕಡಲೆ ಪಲ್ಯ ಇನ್ನೂ ವಾಸಿ. ರಾತ್ರಿಯಿಡೀ ನೆನೆಹಾಕುವುದು ಮರೆತವರಿಗೆ ಪೌಚ್ ಎಂಟು ಗಂಟೆ ಉಳಿಸುತ್ತದೆ. ಪಕ್ಕದಲ್ಲಿ ಬಿಸಿ ಅನ್ನ, ಸೌತೆಕಾಯಿ ಕೋಸಂಬರಿ ಇದ್ದರೆ ಒಳ್ಳೆಯ ಊಟ. ಆದರೆ ಉದುರುದುರಾಗಿ ಇರಬೇಕಾದ ಪಲಾವ್, ಚಿತ್ರಾನ್ನಗಳನ್ನು ಪೌಚ್‌ನಲ್ಲಿ ಕೊಳ್ಳಬೇಡಿ. ಮುದ್ದೆಯಾಗಿರುತ್ತವೆ.

ಪೌಚ್‌ನಲ್ಲಿ ಒಂದು ವಿಷಯಕ್ಕೆ ಮಾತ್ರ ರಾಜಿ ಇಲ್ಲ. ಕಳೆದ ವರ್ಷ ನಮ್ಮ ಶೆಲ್ಫಿನ ಹಿಂದಿನಿಂದ ಒಂದು ಪೌಚ್ ತೆಗೆದಾಗ ಅದು ದಿಂಬಿನ ಹಾಗೆ ಉಬ್ಬಿತ್ತು. ತಾರೀಖು ಇನ್ನೂ ನಾಲ್ಕು ತಿಂಗಳಿತ್ತು. "ಕುದಿಸಿದ್ರೆ ಸರಿಹೋಗಲ್ವಾ?" ಅಂದಳು ಹೆಂಡತಿ. ಇಲ್ಲ. ಉಬ್ಬಿದೆ ಅಂದರೆ ಒಳಗೆ ಏನೋ ಬೆಳೆದು ಗ್ಯಾಸ್ ಆಗಿದೆ. ಅದು ಬೊಟುಲಿಸಮ್ ತರುವ ಬ್ಯಾಕ್ಟೀರಿಯಾ ಕೂಡ ಆಗಿರಬಹುದು. ಅದರ ವಿಷ ನರಗಳನ್ನೇ ಹಿಡಿಯುತ್ತದೆ. ವಾಸನೆಯಿಂದ ಅದು ಗೊತ್ತಾಗದೆಯೂ ಇರಬಹುದು. ರುಚಿ ನೋಡದೆ, ಒಡೆಯದೆ ಹಾಗೇ ಬಿಸಾಡಿದೆವು. ಅಂಚಿನಲ್ಲಿ ಒಸರುತ್ತಿದ್ದರೂ, ಸೂಜಿಮೊನೆಯಷ್ಟು ತೂತಿದ್ದರೂ ಅಷ್ಟೇ. ಫ್ರಿಜ್ಜಿನಲ್ಲಿ ಸಿಗುವ ದೋಸೆಹಿಟ್ಟಿನ ಪ್ಯಾಕೆಟ್ ಉಬ್ಬುವುದನ್ನು ಇದಕ್ಕೆ ಹೋಲಿಸಬೇಡಿ. ಅದು ಹಿಟ್ಟು ಹುದುಗು ಬರುವ ಗಾಳಿ. ತಾರೀಖಿನ ಒಳಗಿದ್ದು ಬರೀ ಹುಳಿಯಾಗಿದ್ದರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡಬಹುದು. ಬಣ್ಣ ತಿರುಗಿದ್ದರೆ, ಬೂಷ್ಟು ಬಂದಿದ್ದರೆ, ಕೊಳೆತ ವಾಸನೆ ಇದ್ದರೆ ಮಾತ್ರ ಎಸೆಯಿರಿ.

ಇನ್ನು ಪೌಚ್‌ನ ಉಪ್ಪು. ನಮ್ಮ ಹತ್ತಿರ ಇದ್ದ ಬಿಸಿಬೇಳೆಬಾತ್ ಪೌಚ್ 300 ಗ್ರಾಂನದು. ಹಿಂದೆ ನೂರು ಗ್ರಾಂಗೆ 400 ಮಿಲಿಗ್ರಾಂ ಸೋಡಿಯಂ ಅಂತ ಬರೆದಿತ್ತು. ಪೂರ್ತಿ ತಿಂದರೆ 1200. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಅಂದರೆ ಮೂರು ಗ್ರಾಂ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಹೊತ್ತಿಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಯಿತು. ನ್ಯಾಯವಾಗಿ ಹೇಳಬೇಕೆಂದರೆ ನಾನು ಮಾಡುವ ಬಾತ್‌ನಲ್ಲೂ ಅಳೆದು ನೋಡಿದಾಗ ಒಬ್ಬರಿಗೆ ಎರಡೂವರೆ ಗ್ರಾಂ ಹತ್ತಿರ ಬಂತು. ವ್ಯತ್ಯಾಸ ತುಂಬಾ ದೊಡ್ಡದಲ್ಲ. ಅದನ್ನು ದೊಡ್ಡದು ಮಾಡುವುದು ಬಾತ್ ಮೇಲೆ ಸುರಿದುಕೊಳ್ಳುವ ಖಾರಾಬೂಂದಿ, ಪಕ್ಕದ ಹಪ್ಪಳ. ಪೌಚ್ ತಿನ್ನುವ ರಾತ್ರಿ ನಾವು ಅವೆರಡನ್ನೂ ಬಿಟ್ಟಿದ್ದೇವೆ. ಒಂದು ಪೌಚ್‌ಗೆ ಒಂದು ಬಟ್ಟಲು ಬೇಯಿಸಿದ ಬೀನ್ಸ್, ಕ್ಯಾರೆಟ್ ಸೇರಿಸಿ, ಮೊಸರು ಇಟ್ಟುಕೊಂಡು ಇಬ್ಬರೂ ಹಂಚಿಕೊಳ್ಳುತ್ತೇವೆ. ಹೊಟ್ಟೆಗೆ ಸಾಲದಿದ್ದರೆ ಆಮೇಲೆ ಬಾಳೆಹಣ್ಣು.

ಈಗ ನಮ್ಮ ಮನೆಯಲ್ಲಿ ಪುಡಿ ವಾರಕ್ಕೊಮ್ಮೆ ಉಪಯೋಗಕ್ಕೆ ಬರುತ್ತದೆ, ಪೌಚ್ ತಿಂಗಳಿಗೆ ಎರಡು ಸಲ. ಮಳೆ ಬಂದು ಊರೆಲ್ಲ ನಿಂತುಹೋಗಿ ಇಬ್ಬರೂ ಒಂಬತ್ತೂವರೆಗೆ ಮನೆ ಸೇರುವ ದಿನಕ್ಕೆ ಅಂತ ಶೆಲ್ಫಿನ ಮುಂದುಗಡೆಯೇ ಎರಡು ಪೌಚ್ ಇರುತ್ತವೆ. ಒಣ ಮಿಕ್ಸ್ ತರುವುದನ್ನು ಬಿಟ್ಟಿದ್ದೇವೆ. ಅಮ್ಮನಿಗೆ ಬಿಪಿ ಇದೆ. ಅವರು ಬಂದಿರುವಾಗ ಎಷ್ಟೇ ತಡವಾದರೂ ಪೌಚ್ ಒಡೆಯುವುದಿಲ್ಲ, ಅದರೊಳಗಿನ ಉಪ್ಪನ್ನು ತೆಗೆಯುವ ದಾರಿ ಇಲ್ಲ. ಅವರಿಗೂ ಅಂಗಡಿಯ ಪುಡಿಯಲ್ಲೇ ಬಾತ್ ಮಾಡಿ, ಅವರ ಪಾಲನ್ನು ಉಪ್ಪು ಹಾಕುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಡುತ್ತೇನೆ. ಹೋದ ಸಲ ಬಂದಾಗ ಆ ಪುಡಿಯ ಪ್ಯಾಕೆಟ್ ತಿರುಗಿಸಿ ಓದಿ, ಊರಿಗೆ ಒಂದು ಕಟ್ಟಿಸಿಕೊಂಡು ಹೋದರು.